ಬಲ್ಬಿನ ಬುಡದ ಫೋಟೊ ತೆಗೆಯಿರಿ

ಪ್ರಶ್ನೆ: ನಮ್ಮ ಹಾಲಿನ ತೂಗುದೀಪದಲ್ಲಿ ಮೇಣದಬತ್ತಿ ಆಕಾರದ ಐದು ಬಲ್ಬುಗಳಿವೆ. ಎರಡು ಹೋಗಿವೆ. ಫೋಟೊ ತೆಗೆದು ಬೆಂಗಳೂರಿನಲ್ಲಿರೋ ಮಗನಿಗೆ ವಾಟ್ಸಾಪ್ ಮಾಡಿದೆ. ಅವನು ಆನ್‌ಲೈನಿನಲ್ಲಿ ತರಿಸಿದ್ದು ಪಿನ್ನಿನ ಬಲ್ಬು. ವಾಪಸ್ ಕಳಿಸಿ ತಿರುಪಿನದು ತರಿಸಿದ. ಅದು ದಪ್ಪ, ಹೋಲ್ಡರ್ ಒಳಗೆ ಹೋಗಲೇ ಇಲ್ಲ. ಫೋಟೊ ನಿಮಗೂ ಕಳಿಸಿದ್ದೇನೆ. ಇದು ಯಾವ ಬಲ್ಬು ಹೇಳಿ ಸರ್.
— ಗೃಹಿಣಿ, ಧಾರವಾಡ

ಉತ್ತರ: ಅಮ್ಮಾ, ದೀಪ ಉರಿಯುತ್ತಿರುವಾಗ ಕೆಳಗೆ ನಿಂತು ತೆಗೆದ ಫೋಟೊ ಅದು. ಬೆಳಕು ಚೆನ್ನಾಗಿ ಬಂದಿದೆ, ಬಲ್ಬು ಕಾಣುತ್ತಿಲ್ಲ. ನಿಮ್ಮ ಮಗ ಆಕಾರ ನೋಡಿ ಊಹಿಸಿದ್ದಾರೆ, ಪಾಪ, ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಆದರೆ ಮೇಣದಬತ್ತಿ ಆಕಾರದ ಬಲ್ಬು ಪಿನ್ನಿನ ಬುಡದಲ್ಲೂ ಬರುತ್ತದೆ, ಸಣ್ಣ ತಿರುಪಿನಲ್ಲೂ ಬರುತ್ತದೆ, ದೊಡ್ಡ ತಿರುಪಿನಲ್ಲೂ ಬರುತ್ತದೆ. ಗಾಜಿನ ಆಕಾರ ಹೋಲ್ಡರ್ ಬಗ್ಗೆ ಏನೂ ಹೇಳುವುದಿಲ್ಲ.

ಹಾಗಾಗಿ ಸುಟ್ಟ ಬಲ್ಬನ್ನು ಬಿಚ್ಚಲೇಬೇಕು. ಗೋಡೆಯ ಸ್ವಿಚ್ ಒಂದನ್ನೇ ನಂಬಬೇಡಿ, ಆ ಕೋಣೆಯ ಎಂಸಿಬಿ ಇಳಿಸಿ. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿರುವುದುಂಟು, ದೀಪ ಆರಿದ್ದರೂ ಹೋಲ್ಡರಿನಲ್ಲಿ ಫೇಸ್ ಉಳಿದಿರುತ್ತದೆ. ಬಲ್ಬು ತಣ್ಣಗಾದ ಮೇಲೆ ಬಿಚ್ಚಿ, ಬಿಳಿ ಕಾಗದದ ಮೇಲೆ ಮಲಗಿಸಿ. ಮೂರು ಫೋಟೊ ಸಾಕು: ಲೋಹದ ಬುಡ ಅಡ್ಡಲಾಗಿ ಕಾಣುವಂತೆ ಒಂದು, ಬುಡವನ್ನು ನೇರ ಎದುರಿನಿಂದ ಒಂದು, ಬಲ್ಬಿನ ಮೈಮೇಲೆ ಅಚ್ಚಾದ ಅಕ್ಷರಗಳದ್ದು ಒಂದು.

ಬುಡದಲ್ಲಿ ಮೊದಲು ನೋಡಬೇಕಾದದ್ದು ಪಿನ್ನೋ ತಿರುಪೋ ಎನ್ನುವುದು. ನುಣುಪಾದ ಲೋಹದ ಬುಡದ ಎರಡು ಪಕ್ಕಗಳಿಂದ ಎರಡು ಮೊಳೆ ಹೊರಚಾಚಿದ್ದು, ತುದಿಯಲ್ಲಿ ಸೀಸದ ಎರಡು ಚುಕ್ಕೆಗಳಿದ್ದರೆ ಅದು ನಮ್ಮ ಮನೆಗಳ ಮಾಮೂಲಿ ಬಿ22, ಒತ್ತಿ ತಿರುಗಿಸಿ ಕೂರಿಸುವಂಥದ್ದು. ಬುಡದ ಅಡ್ಡಳತೆ 22 ಮಿಲಿಮೀಟರ್. ಅದರದೇ ಚಿಕ್ಕ ರೂಪ ಬಿ15. ಮರೆಯ ಹಾಗೆ ಸುರುಳಿ ಇದ್ದು ತುದಿಯಲ್ಲಿ ಒಂದೇ ಚುಕ್ಕೆ ಇದ್ದರೆ ಅದು ತಿರುಪಿನದು. ಅವುಗಳ ಹೆಸರು ‘ಇ’ಯಿಂದ ಶುರು, ಎಡಿಸನ್ ಹೆಸರಿನ ಮೊದಲಕ್ಷರ. ಮುಂದಿನ ಅಂಕಿ ತಿರುಪಿನ ಹೊರ ಅಡ್ಡಳತೆ, ಮಿಲಿಮೀಟರಿನಲ್ಲಿ. ಮನೆಗಳಲ್ಲಿ ಕಾಣುವುದು ಇ14 ಮತ್ತು ಇ27. ಬೀದಿದೀಪ, ಗೋದಾಮುಗಳಲ್ಲಿ ಇ40.

ಪತ್ರ ಬಂದ ಮೇಲೆ ನಿಮ್ಮಿಂದ ಇನ್ನೊಂದು ಫೋಟೊ ತರಿಸಿಕೊಂಡೆನಲ್ಲ, ಬುಡದ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು? ಅದರ ಕಾರಣ ಇದು. ಹತ್ತರ ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಒಂದು, ಎರಡು, ಐದರ ನಾಣ್ಯಗಳು ಬೇರೆ ಬೇರೆ ವರ್ಷ ಬೇರೆ ಬೇರೆ ಗಾತ್ರದಲ್ಲಿ ಬಂದಿವೆ, ಅವುಗಳನ್ನು ಅಳತೆಗೆ ಇಡಬೇಡಿ. ನಿಮ್ಮ ಫೋಟೊವನ್ನು ಪರದೆಯಲ್ಲಿ ಹಿಗ್ಗಿಸಿ ಸ್ಕೇಲು ಇಟ್ಟು ನೋಡಿದೆ. ನಾಣ್ಯ 54 ಮಿಲಿಮೀಟರ್ ಬಂತು, ತಿರುಪು 28. ಅಂದರೆ 28ನ್ನು 54ರಿಂದ ಭಾಗಿಸಿ 27ರಿಂದ ಗುಣಿಸಿದರೆ 14. ನಿಮ್ಮದು ಇ14. ಮಗ ಎರಡನೇ ಸಲ ತರಿಸಿದ್ದು ಇ27 ಆಗಿರಬೇಕು. ಮಾರುಕಟ್ಟೆಯಲ್ಲಿ ‘ಸ್ಕ್ರೂ ಟೈಪ್’ ಎಂದಷ್ಟೇ ಕೇಳಿದರೆ ಸಾಮಾನ್ಯವಾಗಿ ಅದನ್ನೇ ಕೊಡುತ್ತಾರೆ. ಈ ಸಲ ಅವರಿಗೆ ಆನ್‌ಲೈನಿನಲ್ಲಿ E14 ಎಂದೇ ಟೈಪ್ ಮಾಡಿ ಹುಡುಕಲು ಹೇಳಿ.

ಈ ಅಳತೆ ಕೈಕೊಡುವ ಜಾಗ ಒಂದಿದೆ. ನಾಣ್ಯ ಕಾಗದಕ್ಕೆ ಅಂಟಿಕೊಂಡು ಮಲಗಿರುತ್ತದೆ. ದುಂಡನೆಯ ತಿರುಪಿನ ಅಂಚುಗಳು ಮಾತ್ರ ಕಾಗದದಿಂದ ಸುಮಾರು 7 ಮಿಲಿಮೀಟರ್ ಮೇಲೆ, ಕ್ಯಾಮೆರಾಗೆ ಅಷ್ಟು ಹತ್ತಿರದಲ್ಲಿರುತ್ತವೆ. ಹತ್ತಿರದ ವಸ್ತು ದೊಡ್ಡದಾಗಿ ಕಾಣುತ್ತದೆ. ಫೋನನ್ನು 10 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದು ತೆಗೆದರೆ 14 ಇದ್ದದ್ದು 15 ಎಂದು ತೋರುತ್ತದೆ. 40 ಸೆಂಟಿಮೀಟರ್ ಎತ್ತರಕ್ಕೆ ಹೋಗಿ, ಜೂಮ್ ಮಾಡಿ ತೆಗೆದರೆ ತಪ್ಪು ಕಾಲು ಮಿಲಿಮೀಟರಿಗೆ ಇಳಿಯುತ್ತದೆ. ಇ14 ಮತ್ತು ಇ27ರ ನಡುವೆ ಆರಿಸಲು ಇಷ್ಟು ಸೂಕ್ಷ್ಮ ಬೇಡ ನಿಜ. ಆದರೆ ಅಮೆರಿಕದ ತೂಗುದೀಪಗಳಲ್ಲಿ ಇ12 ಇರುತ್ತದೆ. ಲೆಕ್ಕ 13 ಎಂದು ಬಂದರೆ ಅದು ಯಾವ ಕಡೆಯದು ಎಂದು ಹೇಳಲಾಗುವುದಿಲ್ಲ, ದೂರದಿಂದ ಇನ್ನೊಮ್ಮೆ ತೆಗೆಯಬೇಕು.

ಆರ್ಡರ್ ಮಾಡುವ ಮೊದಲು ಇನ್ನೊಂದನ್ನು ನೋಡಿಕೊಳ್ಳಿ. ಹಳೇ ಫಿಲಮೆಂಟ್ ಬಲ್ಬಿನಲ್ಲಿ ಬುಡದ ಮೇಲೆ ನೇರವಾಗಿ ಗಾಜು ಶುರುವಾಗುತ್ತದೆ, ಕುತ್ತಿಗೆ ಸಪೂರ. ಎಲ್‌ಇಡಿ ಬಲ್ಬಿನಲ್ಲಿ ಅದೇ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಅಗಲವಾದ ಕೊರಳಿರುತ್ತದೆ, ಅದರೊಳಗೆ ಸರ್ಕ್ಯೂಟು. ನಿಮ್ಮ ತೂಗುದೀಪದ ಹೋಲ್ಡರಿಗೆ ಮೇಣದಬತ್ತಿಯಂತೆ ಕಾಣುವ ಕೊಳವೆ ತೊಡಿಸಿದ್ದಾರೆ. ಹೋಲ್ಡರಿನ ಬಾಯಿ ಆ ಕೊಳವೆಯ ಒಳಗೆ ಕೆಳಗಿದ್ದರೆ ಕೊರಳು ಅಂಚಿಗೆ ತಗುಲಿ ಬಲ್ಬು ಪೂರ್ತಿ ಕೂರುವುದಿಲ್ಲ. ತಿರುಪು ಸರಿಯಿದ್ದೂ ದೀಪ ಹತ್ತುವುದಿಲ್ಲ, ಹತ್ತಿದರೆ ಮಿಣುಕುತ್ತದೆ. ಕೊಳವೆಯ ಒಳ ಅಗಲವನ್ನು ಸ್ಕೇಲಿನಿಂದ ಅಳೆದು ಮಗನಿಗೆ ಹೇಳಿಬಿಡಿ.

ಪ್ರಶ್ನೆ: ನಾಲ್ಕು ಅಡಿ ಟ್ಯೂಬ್‌ಲೈಟು ಸುಟ್ಟಿದೆ. ಫೋನಿನಲ್ಲಿ ಫೋಟೊ ತೋರಿಸಿದರೆ ಅಂಗಡಿಯವರು ‘ಟಿ5ಓ ಟಿ8ಓ’ ಎಂದು ನನ್ನನ್ನೇ ಕೇಳುತ್ತಾರೆ. ಎಲ್‌ಇಡಿ ಟ್ಯೂಬ್ ತಗೊಂಡರೆ ಅದೇ ಪಟ್ಟಿಗೆ ಹಾಕಬಹುದು ಅಂತಲೂ ಹೇಳಿದರು. ಹಾಕಬಹುದಾ?
— ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಮೇಷ್ಟ್ರೇ, ಟಿ ಪಕ್ಕದ ಅಂಕಿ ಟ್ಯೂಬಿನ ದಪ್ಪ, ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ. ಟಿ8 ಎಂದರೆ ಎಂಟರಲ್ಲಿ ಎಂಟು, ಒಂದು ಇಂಚು, ಹತ್ತಿರಹತ್ತಿರ 26 ಮಿಲಿಮೀಟರ್. ಟಿ12 ಒಂದೂವರೆ ಇಂಚು, 38 ಮಿಲಿಮೀಟರ್, ಹಳೇ ಕಾಲದ 40 ವಾಟಿನ ದಪ್ಪ ಟ್ಯೂಬು. ಟಿ5 ಸುಮಾರು 16 ಮಿಲಿಮೀಟರ್.

ಪೂರ್ತಿ ಟ್ಯೂಬು ಬರುವಂತೆ ತೆಗೆದ ಫೋಟೊದಲ್ಲಿ ದಪ್ಪ ಒಂದು ಗೆರೆಯಷ್ಟೇ ಇರುತ್ತದೆ, ಅಳೆಯಲು ಬರುವುದಿಲ್ಲ. ಅಂಗಡಿಯವರು ನಿಮ್ಮನ್ನೇ ಕೇಳಿದ್ದರಲ್ಲಿ ತಪ್ಪಿಲ್ಲ. ಟ್ಯೂಬನ್ನು ಪಟ್ಟಿಯಿಂದ ತಿರುಗಿಸಿ ತೆಗೆದು, ತುದಿಯನ್ನು ನೇರ ಎದುರಿನಿಂದ, ಎರಡು ಪಿನ್ನು ಕಾಣುವಂತೆ ತೆಗೆಯಿರಿ. ಅದೇ ಮಟ್ಟಕ್ಕೆ ಹತ್ತು ರೂಪಾಯಿ ನಾಣ್ಯವನ್ನು ಪಕ್ಕದಲ್ಲಿ ಹಿಡಿಯಿರಿ. ಟಿ8ರ ತುದಿ ನಾಣ್ಯಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಟಿ12 ಎದ್ದು ಕಾಣುವಷ್ಟು ದೊಡ್ಡದು. ಟಿ5 ನಾಣ್ಯದ ಹಿಂದೆ ಅಡಗಿಬಿಡುತ್ತದೆ.

ನಾಣ್ಯವಿಲ್ಲದೆ ತೆಗೆದ ಫೋಟೊ ಕೈಯಲ್ಲಿದ್ದರೆ ಪಿನ್ನುಗಳ ಅಂತರವನ್ನು ಟ್ಯೂಬಿನ ದಪ್ಪದೊಂದಿಗೆ ಹೋಲಿಸಿ ನೋಡಬಹುದು. ಟಿ8 ಮತ್ತು ಟಿ12 ಎರಡರಲ್ಲೂ ಪಿನ್ನುಗಳ ಅಂತರ 13 ಮಿಲಿಮೀಟರ್, ಆ ಬುಡಕ್ಕೆ ಜಿ13 ಎಂದು ಹೆಸರು. ಟಿ5ನಲ್ಲಿ ಅಂತರ 5, ಹೆಸರು ಜಿ5. ಅಂತರ ದಪ್ಪದ ಅರ್ಧದಷ್ಟಿದ್ದರೆ ಟಿ8, ಅನುಮಾನವೇ ಬೇಡ. ಮೂರನೇ ಒಂದರಷ್ಟಿದ್ದರೆ ಮಾತ್ರ ಸಿಕ್ಕಿಬಿದ್ದಿರಿ, ಏಕೆಂದರೆ 38ಕ್ಕೆ 13, 16ಕ್ಕೆ 5, ಎರಡೂ ಸುಮಾರು ಮೂರನೇ ಒಂದೇ. ಆಗ ಫೋಟೊದಲ್ಲಿ ಟ್ಯೂಬು ಹಿಡಿದ ಕೈ ಇದೆಯೇ ನೋಡಿ. ಬೆರಳಿನಷ್ಟೇ ದಪ್ಪವಾಗಿ ಕಂಡರೆ ಟಿ5.

ಉದ್ದದಲ್ಲೂ ಒಂದು ಮೋಸವಿದೆ. ನಾಲ್ಕಡಿಯ ಟಿ8 ಪಿನ್ನು ಬಿಟ್ಟು ಸುಮಾರು 1,200 ಮಿಲಿಮೀಟರ್. ‘ನಾಲ್ಕಡಿ’ ಎಂದೇ ಮಾರುವ 28 ವಾಟಿನ ಟಿ5 ಟ್ಯೂಬು 1,149. ಐದು ಸೆಂಟಿಮೀಟರ್ ಗಿಡ್ಡ. ಗೋಡೆಯ ಮೇಲಿನ ಫೋಟೊದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ನೀವು ಕಳಿಸಿದ ತುದಿಯ ಫೋಟೊದಲ್ಲಿ ಅಂತರ ಅರ್ಧದಷ್ಟಿದೆ, ಮೈಮೇಲೆ 36 ವಾಟ್ ಎಂದೂ ಇದೆ. ಅದು ಟಿ8. ಈಗ ಎಲ್‌ಇಡಿ ವಿಷಯ. ಇಲ್ಲಿ ಟ್ಯೂಬಿಗಿಂತ ಪಟ್ಟಿಯ ಫೋಟೊ ಮುಖ್ಯ. ನಿಮ್ಮ ಪಟ್ಟಿಯಲ್ಲಿ ಸಣ್ಣ ಡಬ್ಬಿಯಂಥ ಸ್ಟಾರ್ಟರ್ ಕಾಣುತ್ತಿದೆ, ಅಂದರೆ ಒಳಗಿರುವುದು ಹಳೇ ಭಾರದ ತಾಮ್ರದ ಚೋಕು. ಇಂಥ ಪಟ್ಟಿಗೆಂದೇ ಮಾಡಿದ ಎಲ್‌ಇಡಿ ಟ್ಯೂಬುಗಳಿವೆ. ಪೆಟ್ಟಿಗೆಯಲ್ಲಿ ಟ್ಯೂಬಿನ ಜೊತೆ ಒಂದು ಸ್ಟಾರ್ಟರ್ ಕೊಡುತ್ತಾರೆ. ಅದು ಸ್ಟಾರ್ಟರಿನ ವೇಷದ ಫ್ಯೂಸು. ಹಳೆಯದನ್ನು ತೆಗೆದು ಇದನ್ನು ಹಾಕಿದರೆ ಸರ್ಕ್ಯೂಟು ಪೂರ್ತಿಯಾಗುತ್ತದೆ. ಸ್ಟಾರ್ಟರೇ ಇಲ್ಲದ ಪಟ್ಟಿಯಾದರೆ ಒಳಗೆ ಎಲೆಕ್ಟ್ರಾನಿಕ್ ಚೋಕ್ ಇರುತ್ತದೆ. ಅದು ಕೊಡುವ ವಿದ್ಯುತ್ತೇ ಬೇರೆ ಬಗೆಯದು, ಅದಕ್ಕೆ ಮಾಮೂಲಿ ಎಲ್‌ಇಡಿ ಟ್ಯೂಬು ಸಿಕ್ಕಿಸಿದರೆ ಟ್ಯೂಬು ಕೆಡಬಹುದು. ಚೋಕನ್ನು ತೆಗೆಸಿ ಹೊಸದಾಗಿ ವೈರ್ ಮಾಡಿಸಬೇಕು.

ವೈರ್ ಮಾಡಿಸುವುದಾದರೆ ಟ್ಯೂಬಿನ ಮೇಲಿರುವ ಚಿತ್ರವನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕೆಲವಕ್ಕೆ ಫೇಸು, ನ್ಯೂಟ್ರಲ್ ಎರಡೂ ಒಂದೇ ತುದಿಯ ಎರಡು ಪಿನ್ನಿಗೆ ಬರಬೇಕು. ಕೆಲವಕ್ಕೆ ಈ ತುದಿಗೆ ಫೇಸು, ಆ ತುದಿಗೆ ನ್ಯೂಟ್ರಲ್. ಒಂದೇ ತುದಿಯ ಟ್ಯೂಬುಗಳಲ್ಲಿ ಎಷ್ಟೋ ಸಲ ಇನ್ನೊಂದು ತುದಿಯ ಪಿನ್ನುಗಳನ್ನು ಒಳಗೇ ಒಂದಕ್ಕೊಂದು ಸೇರಿಸಿರುತ್ತಾರೆ. ಅದನ್ನು ತಿರುವುಮುರುವಾಗಿ ಹಾಕಿದರೆ ನೇರ ಶಾರ್ಟು. ಎರಡೂ ತುದಿಯ ಬುಡಗಳು ಫೋಟೊದಲ್ಲಿ ಒಂದೇ ಥರ ಕಾಣುತ್ತವೆ, ಆದ್ದರಿಂದ ಯಾವ ತುದಿಗೆ ಕರೆಂಟು ಎನ್ನುವುದನ್ನು ಪಟ್ಟಿಯ ಮೇಲೆ ಮಾರ್ಕರಿನಲ್ಲಿ ಬರೆಸಿಡಿ. ಮುಂದಿನ ಸಲ ಟ್ಯೂಬು ಬದಲಿಸುವವರು ನೀವೇ ಆಗಿರಬೇಕೆಂದಿಲ್ಲವಲ್ಲ.

ಪ್ರಶ್ನೆ: ಫಾಲ್ಸ್ ಸೀಲಿಂಗಿನಲ್ಲಿ ಎಂಟು ಸ್ಪಾಟ್‌ಲೈಟ್‌ಗಳಿವೆ. ಒಂದರ ಫೋಟೊ ಕಳಿಸಿದ್ದೇನೆ. ಎರಡಿಂಚು ಅಗಲದ ಗಾಜಿನ ಬಲ್ಬು. ಅದೇ ಅಳತೆಯ ಎಲ್‌ಇಡಿ ತರಿಸಲಾ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ತರಿಸಬೇಡಿ, ಇನ್ನೂ. ಕೆಳಗಿನಿಂದ ನೋಡಿದರೆ ಎರಡು ಜಾತಿಯ ಬಲ್ಬುಗಳು ಒಂದೇ ಥರ ಕಾಣುತ್ತವೆ, ಎರಡರ ಮುಖವೂ 50 ಮಿಲಿಮೀಟರ್. ವ್ಯತ್ಯಾಸ ಬೆನ್ನಿನಲ್ಲಿದೆ. ರಿಂಗಿನ ಕ್ಲಿಪ್ ಬಿಚ್ಚಿ ಬಲ್ಬನ್ನು ಕೆಳಗಿಳಿಸಿ, ಹಿಂಭಾಗದ ಫೋಟೊ ತೆಗೆಯಿರಿ.

ಸೂಜಿಯಂಥ ಎರಡು ತೆಳು ಕಡ್ಡಿಗಳಿದ್ದರೆ ಅದು ಜಿಯು5.3. ಕಡ್ಡಿಗಳ ಅಂತರ 5.3 ಮಿಲಿಮೀಟರ್, ಹೋಲ್ಡರಿಗೆ ನೇರ ಚುಚ್ಚುವಂಥದ್ದು. ಅಂಗಡಿಯಲ್ಲಿ ಎಂಆರ್16 ಎನ್ನುತ್ತಾರೆ. ಗಿಡ್ಡ, ದಪ್ಪ, ತುದಿ ಗುಂಡಿಯಂತೆ ಅಗಲವಾದ ಎರಡು ಕಾಲುಗಳಿದ್ದರೆ ಜಿಯು10, ಅಂತರ 10 ಮಿಲಿಮೀಟರ್, ತೂರಿಸಿ ತಿರುಗಿಸಿ ಬಿಗಿಯುವುದು. ಒಮ್ಮೆ ನೋಡಿದವರಿಗೆ ನಾಣ್ಯ, ಸ್ಕೇಲು ಯಾವುದೂ ಬೇಡ.

ಜಿಯು10 ಆದರೆ ಕೆಲಸ ಸುಲಭ, ಅದು ನೇರ ಮನೆಯ 230 ವೋಲ್ಟಿನಲ್ಲಿ ನಡೆಯುತ್ತದೆ. ತೆಳು ಕಡ್ಡಿಯದು ಸಾಮಾನ್ಯವಾಗಿ 12 ವೋಲ್ಟಿನದು, ಸೀಲಿಂಗಿನ ಮೇಲೆ ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಕೂತಿರುತ್ತದೆ. ಆ ತೂತಿನಲ್ಲೇ ಕೈ ಹಾಕಿ, ಕರೆಂಟು ತೆಗೆದ ಮೇಲೆ, ಅದನ್ನು ಹೊರಗೆಳೆದು ಚೀಟಿಯ ಫೋಟೊ ತೆಗೆಯಿರಿ. ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿನ ಮೇಲೆ 20ರಿಂದ 60 ವಾಟ್ ಎಂಬಂಥ ಬರಹ ಇರುತ್ತದೆ. ಮೊದಲ ಅಂಕಿಯನ್ನು ಜನ ಓದುವುದೇ ಇಲ್ಲ. 50 ವಾಟಿನ ಹ್ಯಾಲೊಜೆನ್ ತೆಗೆದು 5 ವಾಟಿನ ಎಲ್‌ಇಡಿ ಹಾಕಿದರೆ ಟ್ರಾನ್ಸ್‌ಫಾರ್ಮರಿಗೆ ಬೇಕಾದ ಕನಿಷ್ಠ 20 ವಾಟಿನ ಹೊರೆ ಸಿಗುವುದಿಲ್ಲ. ಬಲ್ಬು ಮಿಣುಕುತ್ತದೆ, ಇಲ್ಲವೇ ಹತ್ತುವುದೇ ಇಲ್ಲ. ಜನ ಬಲ್ಬು ಕೆಟ್ಟಿದೆ ಎಂದು ಅಂಗಡಿಗೆ ಹಿಂತಿರುಗಿಸುತ್ತಾರೆ, ಅಂಗಡಿಯವರು ಅಲ್ಲಿ ಉರಿಸಿ ತೋರಿಸುತ್ತಾರೆ, ಜಗಳ. ಟ್ರಾನ್ಸ್‌ಫಾರ್ಮರನ್ನೂ ಎಲ್‌ಇಡಿಗೆ ತಕ್ಕ 12 ವೋಲ್ಟಿನ ಡ್ರೈವರಿಗೆ ಬದಲಿಸಿದರೆ ತಂಟೆ ಮುಗಿಯುತ್ತದೆ.

ಬೆನ್ನಿನಲ್ಲಿ ಪಿನ್ನೇ ಇಲ್ಲದೆ ಎರಡು ವೈರುಗಳು ನೇರ ಹೊರಬಂದಿದ್ದರೆ ಅದು ಬಲ್ಬು ಅಲ್ಲ, ಇಡೀ ದೀಪವೇ ಒಂದು ಘಟಕ. ಆಗ ಸೀಲಿಂಗಿನ ತೂತಿನ ಅಡ್ಡಳತೆ ತೆಗೆದುಕೊಂಡು ಪೂರ್ತಿ ಸೆಟ್ಟನ್ನೇ ಬದಲಿಸಿ.

ಪ್ರಶ್ನೆ: ಮಗಳು ನ್ಯೂಜೆರ್ಸಿಯಿಂದ ಬರುವಾಗ ಚಂದದ ಟೇಬಲ್ ಲ್ಯಾಂಪು ತಂದಳು. ಬಲ್ಬೂ ಜೊತೆಗೇ ಇದೆ. ಬುಡಕ್ಕೆ ನಾಣ್ಯ ಇಟ್ಟು ಅಳೆದರೆ ಸುಮಾರು 27 ಬರುತ್ತದೆ. ಪ್ಲಗ್ ಅಡಾಪ್ಟರ್ ಹಾಕಿ ಉರಿಸಬಹುದೇ?
— ದಾವಣಗೆರೆ

ಉತ್ತರ: ಆ ಬಲ್ಬನ್ನು ಉರಿಸಬೇಡಿ. ಅಮೆರಿಕದ ಬುಡ ಇ26, ನಮ್ಮದು ಇ27. ಒಂದು ಮಿಲಿಮೀಟರಿನ ವ್ಯತ್ಯಾಸವನ್ನು ನಿಮ್ಮ ಫೋಟೊ ಹಿಡಿಯಲಾರದು, ಬಲ್ಬಿನ ಮೈಮೇಲಿನ ಅಕ್ಷರ ಹಿಡಿಯುತ್ತದೆ. ಅಲ್ಲಿ 120 ವೋಲ್ಟ್ ಎಂದಿರುತ್ತದೆ. ನಮ್ಮ 230ಕ್ಕೆ ಸಿಕ್ಕಿಸಿದರೆ ಕ್ಷಣದಲ್ಲಿ ಹೋಗುತ್ತದೆ, ಗಾಜು ಒಡೆದರೂ ಒಡೆಯಬಹುದು. ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ.

ಲ್ಯಾಂಪನ್ನು ಎಸೆಯಬೇಕಿಲ್ಲ. ನಮ್ಮ ಇ27 ಬಲ್ಬು ಸಾಮಾನ್ಯವಾಗಿ ಅದರ ಹೋಲ್ಡರಿಗೆ ಕೂರುತ್ತದೆ. ಆದರೆ ಅದಕ್ಕೆ ಮೊದಲು ಹೋಲ್ಡರಿನ ಮೇಲೆ ಕೊರೆದ ಅಂಕಿ ನೋಡಿ. 250 ವೋಲ್ಟ್ ಎಂದಿದ್ದರೆ ಇಲ್ಲಿಯ ಸಣ್ಣ ವಾಟಿನ ಎಲ್‌ಇಡಿ ಹಾಕಬಹುದು. 125 ಎಂದಿದ್ದರೆ, ಅಥವಾ ಓದಲು ಆಗದಿದ್ದರೆ, ಎಲೆಕ್ಟ್ರಿಷಿಯನ್ ಹತ್ತಿರ ಹೋಲ್ಡರು, ಸ್ವಿಚ್ಚು, ವೈರು, ಪ್ಲಗ್ಗು ಬದಲಿಸಿಕೊಳ್ಳಿ. ದೀಪದ ಚಂದ ಹಾಗೇ ಉಳಿಯುತ್ತದೆ. ಲ್ಯಾಂಪಿನೊಳಗೆ ಡಿಮ್ಮರ್ ಇದ್ದರೆ ಅದನ್ನೂ ತೆಗೆಸಬೇಕು.

ಪ್ರಶ್ನೆ: ಓದುವ ಮೇಜಿನ ದೀಪದಲ್ಲಿ ಇಂಗ್ಲಿಷಿನ ಯು ಆಕಾರದ 11 ವಾಟ್ ಟ್ಯೂಬಿದೆ, ಹೋಗಿದೆ. ಬುಡದ ಫೋಟೊ ಹೋಲಿಸಿ ಹುಡುಕಿದೆ ಸರ್. ಪಕ್ಕಾ ಅದೇ ಬುಡದ, 9 ವಾಟಿನ, ಪಾರದರ್ಶಕ ಗಾಜಿನದೊಂದು ಸಿಕ್ಕಿತು. ಅದನ್ನು ತರಿಸಬಹುದಾ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ಬೇಡಪ್ಪ, ಖಂಡಿತ ಬೇಡ. ನೀನು ಕಳಿಸಿದ ಎರಡನೇ ಚಿತ್ರದ್ದು ನೀರು ಶುದ್ಧ ಮಾಡುವ ಯಂತ್ರಗಳಲ್ಲಿ, ಮೀನಿನ ತೊಟ್ಟಿಗಳಲ್ಲಿ ಕ್ರಿಮಿ ಕೊಲ್ಲಲು ಬಳಸುವ ಯುವಿ ದೀಪ. ಓದುವ ದೀಪದ ಟ್ಯೂಬಿನ ಒಳಗೂ ಹುಟ್ಟುವುದು ಅದೇ ಯುವಿ ಕಿರಣ. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ಕಾಣುವ ಬೆಳಕಾಗಿ ಮಾಡುತ್ತದೆ, ಉಳಿದದ್ದನ್ನು ಗಾಜು ತಡೆಯುತ್ತದೆ. ಯುವಿ ದೀಪದಲ್ಲಿ ಪುಡಿಯಿಲ್ಲ, ಗಾಜೂ ಯುವಿ ಹಾಯ್ದುಹೋಗುವಂಥದ್ದು. ಮೇಜಿನ ಮೇಲೆ ಅದನ್ನು ಉರಿಸಿ ಕೂತರೆ ಮಂದ ನೀಲಿ ಬೆಳಕಷ್ಟೇ ಕಾಣುತ್ತದೆ, ಅವತ್ತು ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿ, ಮುಖದ ಚರ್ಮ ಕೆಂಪು. ಬುಡ ಒಂದೇ ಇರುವುದರಿಂದ ನಿನ್ನ ದೀಪ ಅದನ್ನು ಬೇಡ ಎನ್ನುವುದಿಲ್ಲ. ಫೋಟೊದಲ್ಲಿ ಟ್ಯೂಬು ಹಾಲಿನಂತೆ ಬೆಳ್ಳಗಿಲ್ಲದಿದ್ದರೆ ಕೊಳ್ಳಲೇಬೇಡ. ಮನೆಯ ಎಮರ್ಜೆನ್ಸಿ ಲೈಟಿನ 8 ವಾಟಿನ ಸಣ್ಣ ಟ್ಯೂಬಿಗೂ ಇಂಥ ಜೋಡಿಯಿದೆ. ಉದ್ದ ಅದೇ 288 ಮಿಲಿಮೀಟರ್, ಬುಡ ಅದೇ ಜಿ5.

ನಿನ್ನ ಬುಡದ ಫೋಟೊದಲ್ಲಿ ಎರಡು ಪಿನ್ನು, ಅವುಗಳ ನಡುವೆ ಚೌಕನೆಯ ಪ್ಲಾಸ್ಟಿಕ್ ದಿಮ್ಮಿ ಇದೆ. ದಿಮ್ಮಿಯೊಳಗೆ ಸ್ಟಾರ್ಟರ್ ಇರುತ್ತದೆ. ಇದು ಜಿ23, ಪಿನ್ನುಗಳ ಅಂತರ 23 ಮಿಲಿಮೀಟರ್. ನಾಲ್ಕು ಪಿನ್ನು ಸಾಲಾಗಿದ್ದರೆ ಅದು 2ಜಿ7, ಅದರೊಳಗೆ ಸ್ಟಾರ್ಟರ್ ಇಲ್ಲ, ಬೇರೆ ಚೋಕಿಗೆ ಮಾಡಿದ್ದು. ವಾಟೂ ಹಳೆಯದೇ ಇರಲಿ, 11 ಅಂದರೆ 11, ಚೋಕು ಆ ಟ್ಯೂಬಿನ ಲೆಕ್ಕಕ್ಕೆ ಮಾಡಿದ್ದು. ಟ್ಯೂಬಿನ ಬುಡದ ಬರಹದಲ್ಲಿ ಮೂರು ಅಂಕಿಯ ಸಂಖ್ಯೆ ಇದೆಯಲ್ಲ, 865 ಅಂತ, ಅದರ ಕೊನೆಯ ಎರಡು ಅಂಕಿ ಬೆಳಕಿನ ಬಣ್ಣ: 65 ಎಂದರೆ 6,500 ಕೆಲ್ವಿನ್, ಬೆಳ್ಳನೆಯದು. 827 ತಂದರೆ ಹಳದಿ ಬೆಳಕು ಬರುತ್ತದೆ. ಓದಲು ಎರಡೂ ನಡೆಯುತ್ತದೆ, ನಿನಗೆ ಯಾವುದು ಹಿತವೋ ಅದು. ಈ ಟ್ಯೂಬುಗಳು ಈಗ ಅಂಗಡಿಗಳಲ್ಲಿ ಅಪರೂಪವಾಗುತ್ತಿವೆ. ಸಿಕ್ಕದಿದ್ದರೆ, ಹೊಸ ಮೇಜಿನ ದೀಪ ಕೊಳ್ಳುವಾಗ ಬಿ22 ಅಥವಾ ಇ27 ಹೋಲ್ಡರ್ ಇರುವುದನ್ನೇ ನೋಡಿಕೋ, ಊರಿನ ಯಾವ ಅಂಗಡಿಯಲ್ಲಾದರೂ ಅದಕ್ಕೆ ಬಲ್ಬು ಸಿಗುತ್ತದೆ.